ಮುನ್ನೂರು ಚೀಲ ಡಬ್ಬಿ ಮೆಣಸಿನಕಾಯಿ, ಮೂರು ಬಗೆಯ ಒಡೆತನ

(ಹಾವೇರಿ ಜಿಲ್ಲೆಯ ವರ್ತಕರು ಮತ್ತು ಕಿರಿಯ ವಕೀಲರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಕಾಯ್ದೆಯ ಪುಸ್ತಕವನ್ನು ಮೊದಲೇ ತೆರೆದರೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದು ಹೋಗುತ್ತಾರೆಂದು ನನಗೆ ಗೊತ್ತಿದೆ. ಆದ್ದರಿಂದ ಒಂದು ಸೌದೆಯ ಕಥೆಯಿಂದ ಆರಂಭಿಸುತ್ತೇನೆ. ಕಥೆ ನಾನೇ ಕಟ್ಟಿದ್ದು. ಆದರೆ ಇದರಲ್ಲಿ ಬರುವ ಒಂದೊಂದು ತಪ್ಪನ್ನೂ ನನ್ನ ಕಚೇರಿಯ ಮೇಜಿನ ಮೇಲೆ ಬಿಡಿಬಿಡಿಯಾಗಿ ನೋಡಿದ್ದೇನೆ.

ಬ್ಯಾಡಗಿಯ ಸಾಹುಕಾರರೊಬ್ಬರು. ಶೀತಲಗೃಹದಲ್ಲಿ ಅವರದು 500 ಚೀಲ ಡಬ್ಬಿ ಮೆಣಸಿನಕಾಯಿ ಇದೆ, ಚೀಲಕ್ಕೆ 40 ಕಿಲೋ. ಮಾರ್ಚ್ 3ರಂದು ಬೆಂಗಳೂರಿನ ಮಸಾಲೆ ಪುಡಿ ಕಾರ್ಖಾನೆಯವರು ಬಂದು ಒಂದು ಚೀಲ ಬಿಚ್ಚಿಸಿ ನೋಡುತ್ತಾರೆ. ಕಾಯಿ ಮುರಿಯುತ್ತಾರೆ, ಬಣ್ಣ ನೋಡುತ್ತಾರೆ, ಎರಡು ಕಿಲೋ ಮಾದರಿಯನ್ನು ಚೀಟಿ ಅಂಟಿಸಿ ಒಯ್ಯುತ್ತಾರೆ. ಸೌದೆ ಕುದುರುತ್ತದೆ. ಮಾದರಿಯಂತೆ 300 ಚೀಲ, ಕ್ವಿಂಟಲಿಗೆ 40,000 ರೂಪಾಯಿ, ತಲಾ 100 ಚೀಲದ ಮೂರು ಲೋಡು, ಒಂದೊಂದು ಲೋಡಿನ ಹಣ ಅದು ಹೊರಟ 15 ದಿನದೊಳಗೆ. ಒಂದು ಲೋಡೆಂದರೆ 40 ಕ್ವಿಂಟಲು, 16 ಲಕ್ಷ ರೂಪಾಯಿ.

ಮೊದಲ ಲೋಡು ಮಾರ್ಚ್ 8ರಂದು ಹೋಯಿತು. ಕಾರ್ಖಾನೆಯ ಮ್ಯಾನೇಜರು ನಾಲ್ಕು ಚೀಲ ಬಿಚ್ಚಿ ನೋಡಿ ರುಜು ಹಾಕಿದರು. 20ರಂದು ಪುಡಿ ಮಾಡಲು ಇಳಿದಾಗ ಕೆಲವು ಚೀಲಗಳ ನಡುವಿನ ಕಾಯಿಯಲ್ಲಿ ಬೂಷ್ಟು ಕಂಡಿತು. ಆ ಹೊತ್ತಿಗೆ 30 ಚೀಲ ಗಿರಣಿಗೆ ಹೋಗಿಯಾಗಿತ್ತು. ಸಾಹುಕಾರರಿಗೆ ಫೋನು ಮಾಡಿ ತಕರಾರು ತೆಗೆದರು. ಆದರೂ 22ರಂದು ಅವರೇ ವಾಟ್ಸಾಪ್‌ನಲ್ಲಿ 'ಎರಡನೇ ಲೋಡು ಕಳಿಸಿ, ಈ ಸಲ ಒಣ ಮಾಲು ಇರಲಿ' ಎಂದು ಬರೆದರು. 24ರ ಸಂಜೆ ಎರಡನೇ 100 ಚೀಲ ತೂಕವಾಗಿ, ಲಾರಿ ಏರಿ, ಖರೀದಿದಾರರ ಹೆಸರಿನ ಬಿಲ್ಟಿಯೊಂದಿಗೆ ಹೊರಟಿತು. ಮರುದಿನ ಬ್ಯಾಂಕಿನಿಂದ ಮೊದಲ ಲೋಡಿನ ಚೆಕ್ ವಾಪಸು ಬಂತು. ಮೂರನೇ ಲೋಡು ಏಪ್ರಿಲ್ 5ರಂದು ಹೋಗಬೇಕಿತ್ತು. ಆ ದಿನ ಕಾರ್ಖಾನೆಯವರು 'ನಮಗೆ ಇನ್ನು ಮಾಲು ಬೇಡ' ಎಂದು ಬರೆದು ಕೊಟ್ಟರು.

ಈಗ ಸಾಹುಕಾರರು ನನ್ನ ಎದುರು ಕುಳಿತು ಹೇಳುವುದು ಒಂದೇ ಮಾತು: "ವಕೀಲರೇ, ಮುನ್ನೂರು ಚೀಲದ 48 ಲಕ್ಷ ವಸೂಲಿ ಮಾಡಿಕೊಡಿ." ನಾನು ತಿರುಗಿ ಕೇಳುವುದೂ ಒಂದೇ: ಮಾರ್ಚ್ 25ರಂದು ಯಾವ ಚೀಲ ಯಾರದಾಗಿತ್ತು? ಅವರಿಗೆ ಈ ಪ್ರಶ್ನೆ ತರಲೆಯಾಗಿ ಕಾಣುತ್ತದೆ. ಸೌದೆ ಒಂದು, ದರ ಒಂದು, ಮಾಲೂ ಒಂದೇ. ಆದರೆ 1930ರ ಸರಕು ಮಾರಾಟ ಕಾಯ್ದೆಯ ಕಣ್ಣಿಗೆ ಈ ಮೂರು ಲೋಡು ಮೂರು ಬೇರೆ ಪ್ರಾಣಿಗಳು. ಮೂರಕ್ಕೂ ಪರಿಹಾರ ಬೇರೆ ಬೇರೆ.

ಒಡೆತನದ ಮಾತನ್ನು ಮೊದಲು ಮುಗಿಸೋಣ. ಕೈ ಕುಲುಕಿದ ಕೂಡಲೇ ಮಾಲು ಕೊಂಡವನದಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಿಜವಾಗುವುದು ನಿರ್ದಿಷ್ಟ ಮಾಲಿನಲ್ಲಿ, ಅಂದರೆ ಇದೇ ವಸ್ತು ಎಂದು ಬೆರಳು ತೋರಿಸಿ ಕೊಂಡಾಗ, ಅದೂ ಅದು ಒಪ್ಪಿಸಲು ತಯಾರಿರುವ ಸ್ಥಿತಿಯಲ್ಲಿದ್ದಾಗ. ಆಗ 20ನೇ ಕಲಂ ಪ್ರಕಾರ ಹಣ ನಾಳೆ ಕೊಟ್ಟರೂ, ಮಾಲು ನಾಡಿದ್ದು ಒಯ್ದರೂ ಒಡೆತನ ಇಂದೇ ದಾಟುತ್ತದೆ. ನಮ್ಮ ಸಾಹುಕಾರರು ಮಾರಿದ್ದು ಹಾಗಲ್ಲ. 500ರಲ್ಲಿ 300. ಯಾವ 300? ಮಾರ್ಚ್ 3ರಂದು ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ, ಶೀತಲಗೃಹದ ಗುಮಾಸ್ತನ ಬಳಿಯೂ. 18ನೇ ಕಲಂ ಒಂದೇ ವಾಕ್ಯದಲ್ಲಿ ಹೇಳುವುದು ಇದನ್ನೇ: ಗುರುತಾಗದ ಮಾಲಿನ ಒಡೆತನ, ಗುರುತಾಗುವ ತನಕ ಯಾರಿಗೂ ದಾಟುವುದಿಲ್ಲ.

ಗುರುತಾಗುವುದು ಹೇಗೆ? 23ನೇ ಕಲಂ ಹೇಳುವಂತೆ ಒಬ್ಬರು ಮಾಲನ್ನು ಈ ಸೌದೆಗೆಂದು ಬೇರ್ಪಡಿಸಿ ಇಡಬೇಕು, ಇನ್ನೊಬ್ಬರ ಒಪ್ಪಿಗೆ ಇರಬೇಕು. ಒಪ್ಪಿಗೆ ಬಾಯಿಮಾತಿನದಾಗಬಹುದು, ನಡೆಯಿಂದ ತಿಳಿಯುವಂಥದ್ದೂ ಆಗಬಹುದು, ಮೊದಲೇ ಕೊಟ್ಟಿದ್ದೂ ಆಗಬಹುದು. ಸಾಗಣೆದಾರನ ಕೈಗೆ, ಖರೀದಿದಾರನಿಗೆ ತಲುಪಿಸಲೆಂದು, ತನ್ನ ಹಿಡಿತವನ್ನು ಉಳಿಸಿಕೊಳ್ಳದೆ ಒಪ್ಪಿಸಿದರೆ ಬೇರ್ಪಡಿಸಿದಂತೆಯೇ ಲೆಕ್ಕ. ಹಾಗಾಗಿ ಮೊದಲ ಲೋಡು ಮಾರ್ಚ್ 8ರಂದು, ಎರಡನೆಯದು 24ರ ಸಂಜೆ, ಹಮಾಲರು ಕೊನೆಯ ಚೀಲವನ್ನು ಲಾರಿಗೆ ಏರಿಸಿ ಬಿಲ್ಟಿ ಹರಿದುಕೊಟ್ಟ ಹೊತ್ತಿಗೆ ಕಾರ್ಖಾನೆಯವರದಾಯಿತು. ಮೂರನೆಯದು ಆಗಲೇ ಇಲ್ಲ. ಅದು ಉಳಿದ 300 ಚೀಲಗಳ ಅಟ್ಟಿಯಲ್ಲಿ ಎಲ್ಲೋ ಇತ್ತು, ಇರಲೂ ಇಲ್ಲ.

ಇಲ್ಲಿ ಸಾಹುಕಾರರು ಒಂದು ಕಾಗದ ಹೊರಗೆ ತೆಗೆಯುತ್ತಾರೆ. ಆರ್ಥಿಕ ವರ್ಷದ ಕೊನೆಯೆಂದು ಮಾರ್ಚ್ 31ಕ್ಕೆ ಮೂರನೇ ಲೋಡಿನ ಬಿಲ್ಲನ್ನೂ ಮಾಡಿಟ್ಟಿದ್ದಾರೆ, ಜಿಎಸ್‌ಟಿ ಸಮೇತ. "ಬಿಲ್ಲಾಗಿದೆ ಎಂದ ಮೇಲೆ ಮಾರಾಟವಾದಂತೆಯೇ ಅಲ್ಲವೇ?" ಅಲ್ಲ. ಬಿಲ್ಲಿನಲ್ಲಿ '100 ಚೀಲ ಡಬ್ಬಿ' ಎಂದು ಇದೆಯೇ ಹೊರತು ಯಾವ 100 ಎಂದು ಇಲ್ಲ. ತೆರಿಗೆಯವರಿಗೆ ಅಷ್ಟು ಸಾಕು, ಒಡೆತನಕ್ಕೆ ಸಾಲದು. ಇದೇ ಚೀಲಗಳಿಗೆ ಕಾರ್ಖಾನೆಯ ಹುಡುಗನೊಬ್ಬ ಬಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿ, ತೂಕದ ಪಟ್ಟಿಗೆ ರುಜು ಹಾಕಿ ಹೋಗಿದ್ದರೆ ಕಥೆಯೇ ಬೇರೆ. ತೂಕದ ಮಾತನ್ನು ಯಾಕೆ ಎತ್ತಿದೆನೆಂದರೆ, ಬೆರಳು ತೋರಿಸಿ ಕೊಂಡ ಮಾಲಿನಲ್ಲೂ ಬೆಲೆ ಕಟ್ಟಲು ಮಾರಾಟಗಾರ ತೂಗಬೇಕಾಗಿದ್ದರೆ, ತೂಗಿ ಖರೀದಿದಾರನಿಗೆ ತಿಳಿಸುವವರೆಗೂ ಒಡೆತನ ದಾಟುವುದಿಲ್ಲ. ಇದು 22ನೇ ಕಲಂ. ತೂಗಿ ಸುಮ್ಮನಿರುವವರು ಬಹಳ, ತಿಳಿಸುವವರು ಕಡಿಮೆ.

ಹಣ ಕೊಟ್ಟ ಖರೀದಿದಾರನಿಗೂ ಈ ನಿಯಮ ಕಹಿಯೇ. 1927ರಲ್ಲಿ ವರದಿಯಾದ ಇಂಗ್ಲೆಂಡಿನ ಮೊಕದ್ದಮೆಯೊಂದರಲ್ಲಿ, ವೇಟ್ ಎಂಬ ಗೋಧಿ ವ್ಯಾಪಾರಿ ದಿವಾಳಿಯಾದಾಗ, ಹಡಗಿನ 1,000 ಟನ್ನಿನಲ್ಲಿ 500 ಟನ್ನಿಗೆ ಪೂರ್ತಿ ಹಣ ಕೊಟ್ಟಿದ್ದವರು ಬರಿಗೈಯಲ್ಲಿ ನಿಂತರು. ಅವರ 500 ಟನ್ನು ಯಾವುದೆಂದು ಬೇರ್ಪಡಿಸಿರಲಿಲ್ಲ, ಅಷ್ಟೇ. ಇಂಗ್ಲೆಂಡಿನವರು 1995ರಲ್ಲಿ ತಮ್ಮ ಕಾಯ್ದೆಯನ್ನು ತಿದ್ದಿಕೊಂಡು, ಗೊತ್ತಾದ ರಾಶಿಯೊಂದರಲ್ಲಿ ಪಾಲಿಗೆ ಹಣ ಕೊಟ್ಟವನನ್ನು ಪಾಲುದಾರನನ್ನಾಗಿ ಮಾಡಿದರು. ನಮ್ಮ ಕಾಯ್ದೆಯಲ್ಲಿ ಅಂಥ ತಿದ್ದುಪಡಿ ಆಗಿಲ್ಲ. ಆಗಬೇಕಿತ್ತೆಂದು ನನ್ನ ಅಭಿಪ್ರಾಯ. ಇಷ್ಟೊಂದು ಶೀತಲಗೃಹಗಳಿರುವ ಊರಿನಲ್ಲಿ ನಿಂತು ಈ ಮಾತನ್ನು ಹೇಳದಿರಲು ಆಗುವುದಿಲ್ಲ.

ಈಗ ಮೊದಲ ಲೋಡಿನ ಬೂಷ್ಟು. ಸಾಹುಕಾರರ ವಾದ: ನಾಲ್ಕು ಚೀಲ ನೋಡಿ ರುಜು ಹಾಕಿದ್ದಾರೆ, ಇನ್ನು ತಕರಾರು ಯಾಕೆ? ಕಾರ್ಖಾನೆಯವರ ವಾದ: ಮಾಲು ಕೆಟ್ಟಿದೆ, 16 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಇಬ್ಬರೂ ತಪ್ಪು.

ಮಾದರಿ ತೋರಿಸಿ ಮಾರಿದಾಗ, ಸೌದೆಯಲ್ಲಿ ಯಾರೂ ಆಡದಿದ್ದರೂ ಮೂರು ಷರತ್ತುಗಳು ತಾವಾಗಿ ಬಂದು ಸೇರಿಕೊಳ್ಳುತ್ತವೆ. ಇಡೀ ಮಾಲು ಗುಣದಲ್ಲಿ ಮಾದರಿಗೆ ಹೊಂದಬೇಕು. ಹೋಲಿಸಿ ನೋಡಲು ಖರೀದಿದಾರನಿಗೆ ಅವಕಾಶ ಸಿಗಬೇಕು. ಮತ್ತು ಮಾದರಿಯನ್ನು ಸಾಕಷ್ಟು ಪರೀಕ್ಷಿಸಿದರೂ ಕಣ್ಣಿಗೆ ಬೀಳದ, ಆದರೆ ಮಾಲನ್ನು ಮಾರಾಟಕ್ಕೆ ಬಾರದಂತೆ ಮಾಡುವ ದೋಷ ಇರಬಾರದು. ಇದು 17ನೇ ಕಲಂ. ಮೂರನೆಯ ಷರತ್ತನ್ನು ಸ್ವಲ್ಪ ನಿಧಾನವಾಗಿ ನೋಡಿ. ಮಾಲು ಮಾದರಿಗೆ ಹೊಂದಿದರೂ ಸಾಲದು ಎನ್ನುತ್ತದೆ ಅದು. ಡ್ರಮಂಡ್ ವಿರುದ್ಧ ವಾನ್ ಇಂಗನ್ ಎಂಬ 1887ರ ಇಂಗ್ಲಿಷ್ ಮೊಕದ್ದಮೆಯಲ್ಲಿ ಕೋಟಿನ ಬಟ್ಟೆಯನ್ನು ಮಾದರಿ ನೋಡಿ ಕೊಂಡಿದ್ದರು. ಬಟ್ಟೆ ಮಾದರಿಯ ಹಾಗೆಯೇ ಇತ್ತು. ಆದರೆ ಮಾದರಿಯಲ್ಲೇ ಅಡಗಿದ್ದ, ಸಾಮಾನ್ಯ ಪರೀಕ್ಷೆಗೆ ಸಿಗದ ದೋಷವೊಂದು ಹೊಲಿದ ಮೇಲೆ ಹೊರಬಿತ್ತು. ಮಾರಿದವರಿಗೆ ಮಾದರಿಯ ಮರೆಯಲ್ಲಿ ನಿಲ್ಲಲು ಅವಕಾಶ ಸಿಗಲಿಲ್ಲ.

ಮೆಣಸಿನಕಾಯಿಯಲ್ಲಿ ಇದು ಹೇಗೆ ಆಗುತ್ತದೆಂದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಸರಿಯಾಗಿ ಒಣಗದ ಕಾಯಿಯನ್ನು ಒತ್ತಿ ಚೀಲ ತುಂಬಿದರೆ ಮೇಲಿನ ಪದರ ಗಾಳಿಗೆ ಒಣಗಿ ಚಂದ ಕಾಣುತ್ತದೆ, ನಡುವಿನ ತೇವ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದವನಿಗೆ ಅದು ಕಾಣುವುದಿಲ್ಲ. ಹೊಟ್ಟೆಗೆ ಕೈ ಹಾಕಿದವನಿಗೆ ಬಿಸಿ ಹತ್ತುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಇಲ್ಲಿ ವಾದದ ಜಾಗವಿದೆ. ನೋಡಿ ಕೊಂಡ ಮಾಲಿನಲ್ಲಿ ಆ ನೋಟಕ್ಕೇ ಸಿಗಬೇಕಿದ್ದ ದೋಷದ ಬಗ್ಗೆ ದೂರುವಂತಿಲ್ಲವೆಂದು 16ನೇ ಕಲಂ ಹೇಳುತ್ತದೆ. ಹಾಗಾದರೆ ಮೆಣಸಿನಕಾಯಿ ವ್ಯಾಪಾರದಲ್ಲಿ 'ಸಾಕಷ್ಟು ಪರೀಕ್ಷೆ' ಎಂದರೆ ಚೀಲದ ಬಾಯಿಯೇ, ಹೊಟ್ಟೆಯೇ? ಇದನ್ನು ತೀರ್ಮಾನಿಸುವುದು ನ್ಯಾಯಾಧೀಶರ ಊಹೆಯಲ್ಲ, ಈ ಕಸುಬಿನವರ ಸಾಕ್ಷ್ಯ. ಇಪ್ಪತ್ತು ವರ್ಷ ದಲಾಲಿ ಮಾಡಿದ ಒಬ್ಬರನ್ನು ಸಾಕ್ಷಿಯಾಗಿ ಕರೆಸುವುದು ನನ್ನ ಹತ್ತು ಪುಟ ಲಿಖಿತ ವಾದಕ್ಕಿಂತ ಮೇಲು.

ಷರತ್ತು ಮುರಿದಿದೆ ಎಂದಿಟ್ಟುಕೊಳ್ಳೋಣ. ಷರತ್ತು ಮುರಿದರೆ ಮಾಲನ್ನು ತಿರಸ್ಕರಿಸಬಹುದು. ಆದರೆ ಮಾಲನ್ನು ಸ್ವೀಕರಿಸಿಬಿಟ್ಟವನಿಗೆ ಆ ದಾರಿ ಮುಚ್ಚುತ್ತದೆ, ಅವನ ಕೈಯಲ್ಲಿ ಉಳಿಯುವುದು ಪರಿಹಾರ ಮಾತ್ರ. ಹೀಗೆನ್ನುತ್ತದೆ 13ನೇ ಕಲಂ. ಮ್ಯಾನೇಜರ ರುಜು ಸ್ವೀಕಾರವಾಗುವುದಿಲ್ಲ, ಅದು ಚೀಲ ಎಣಿಸಿದ್ದಕ್ಕೆ ರಸೀದಿ. ಹೋಲಿಸಿ ನೋಡಲು ತಕ್ಕ ಅವಕಾಶ ಸಿಗುವ ಮುನ್ನ ಸ್ವೀಕಾರವಾಯಿತೆಂದು ಭಾವಿಸುವಂತಿಲ್ಲ. ಸ್ವೀಕಾರವಾದದ್ದು ಗಿರಣಿಯಲ್ಲಿ. ಮಾಲು ಇನ್ನೂ ಮಾರಿದವನದೇ ಎಂದು ಭಾವಿಸುವವನು ಅದನ್ನು ಪುಡಿ ಮಾಡುವುದಿಲ್ಲ. ಪುಡಿಯಾದ 30 ಚೀಲವನ್ನು ಮರಳಿಸುವುದಂತೂ ಸಾಧ್ಯವಿಲ್ಲ. ಬಿಡಿಸಲಾಗದ ಒಂದು ಲೋಡಿನಲ್ಲಿ ಭಾಗವನ್ನು ಸ್ವೀಕರಿಸಿದರೂ ತಿರಸ್ಕಾರದ ಹಕ್ಕು ಹೋಗುತ್ತದೆ.

ಹಾಗಾದರೆ ಪರಿಹಾರ ಎಷ್ಟು? 25 ಚೀಲ ಬೂಷ್ಟು ಹಿಡಿದದ್ದು ಎಂದು ಸಾಬೀತಾಯಿತೆನ್ನಿ. ಅದು 10 ಕ್ವಿಂಟಲು. ಒಳ್ಳೆಯ ಮಾಲಿಗೆ 40,000, ಆ ಸ್ಥಿತಿಯ ಮಾಲಿಗೆ ಪೇಟೆಯಲ್ಲಿ 15,000. ವ್ಯತ್ಯಾಸ 25,000ದಂತೆ ಎರಡೂವರೆ ಲಕ್ಷ. 59ನೇ ಕಲಂ ಈ ಮೊತ್ತವನ್ನು ಬೆಲೆಯಲ್ಲೇ ಮುರಿದುಕೊಳ್ಳಲು ಬಿಡುತ್ತದೆ. ಮೊದಲ ಲೋಡಿನ ಬಾಬ್ತು ಸಾಹುಕಾರರಿಗೆ ಬರಬೇಕಾದದ್ದು ಹದಿಮೂರೂವರೆ ಲಕ್ಷ. ಒಡೆತನ ದಾಟಿದೆ, ಉದ್ದರಿಯ ಅವಧಿ ಮುಗಿದಿದೆ, ಆದ್ದರಿಂದ ಇಲ್ಲಿ 55ನೇ ಕಲಂ ಕೆಳಗೆ ನೇರವಾಗಿ ಬೆಲೆಗೇ ದಾವೆ ಹಾಕಬಹುದು. ಉದ್ದರಿ ಮುಗಿದ ದಿನದಿಂದ ಮೂರು ವರ್ಷದೊಳಗೆ ಹಾಕಬೇಕು.

ಒಂದು ಲೋಡು ಕೆಟ್ಟಿತೆಂದು ಉಳಿದೆರಡನ್ನೂ ಬೇಡವೆನ್ನಬಹುದೇ? ಬಿಡಿ ಬಿಡಿಯಾಗಿ ಹಣ ಕೊಡುವ ಕಂತುಗಳ ಸೌದೆಯಲ್ಲಿ ಇದಕ್ಕೆ ಸಿದ್ಧ ಉತ್ತರವಿಲ್ಲ. ಕೆಟ್ಟ ಭಾಗ ಇಡೀ ಸೌದೆಯಲ್ಲಿ ಎಷ್ಟು ದೊಡ್ಡದು, ಅದು ಮತ್ತೆ ಆಗುವ ಸಂಭವ ಎಷ್ಟು ಎಂಬ ಎರಡನ್ನು ನ್ಯಾಯಾಲಯಗಳು ನೋಡುತ್ತವೆ. ಮೂರರಲ್ಲಿ ಒಂದು ಲೋಡು ಎಂದರೆ ಸಣ್ಣದಲ್ಲ ಎಂದು ಕಾರ್ಖಾನೆಯವರು ಹೇಳಬಹುದಿತ್ತು. ಆದರೆ ಬೂಷ್ಟು ಕಂಡ ಎರಡು ದಿನಕ್ಕೆ 'ಎರಡನೇ ಲೋಡು ಕಳಿಸಿ' ಎಂದು ಅವರೇ ಬರೆದ ಸಂದೇಶ ಸಾಹುಕಾರರ ಮೊಬೈಲಿನಲ್ಲಿದೆ. ಆ ಒಂದು ಸಾಲಿನಿಂದ ಅವರು ಸೌದೆಯನ್ನು ಜೀವಂತ ಇಟ್ಟರು. ದಯವಿಟ್ಟು ಇಂಥ ಸಂದೇಶಗಳನ್ನು ಅಳಿಸಬೇಡಿ, ಮೊಬೈಲನ್ನೂ ಹಳೆಯದಾಯಿತೆಂದು ಮೊಮ್ಮಗನಿಗೆ ಕೊಡಬೇಡಿ.

ಎರಡನೇ ಲೋಡಿಗೆ ಬರೋಣ. ಮಾರ್ಚ್ 25ರ ಬೆಳಗ್ಗೆ ಲಾರಿ ಬೆಂಗಳೂರು ಮುಟ್ಟಿ ಚೀಲಗಳು ಸಾಗಣೆದಾರರ ಗೋದಾಮಿನಲ್ಲಿ ಇಳಿದಿವೆ. ಅಲ್ಲಿಂದ ಕಾರ್ಖಾನೆಗೆ ಸಣ್ಣ ಟೆಂಪೋದಲ್ಲಿ ಹೋಗಬೇಕು. ಆ ಹೊತ್ತಿಗೆ ಚೆಕ್ ವಾಪಸು ಬಂದ ಸುದ್ದಿ. ಮಾಲಿನ ಒಡೆಯರು ಕಾರ್ಖಾನೆಯವರು. ದಾರಿಯಲ್ಲಿ ಬೆಂಕಿ ಬಿದ್ದಿದ್ದರೆ ನಷ್ಟವೂ ಅವರದೇ ಆಗುತ್ತಿತ್ತು. ಆದರೂ ಅವರ ಮಾಲನ್ನು ಅವರ ಬಾಗಿಲಿನ ಹೊರಗೆ ತಡೆಯುವ ಹಕ್ಕು ನಮ್ಮ ಸಾಹುಕಾರರಿಗೆ ಇದೆ. ಕಾಯ್ದೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗವಿದು.

ಹಣದ ಗಡುವು ಏಪ್ರಿಲ್ 8, ಇನ್ನೂ ಬಂದಿಲ್ಲವಲ್ಲ ಎಂದು ಕಿರಿಯ ವಕೀಲರೊಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಉದ್ದರಿ ಕೊಟ್ಟವನೂ ಪೂರ್ತಿ ಹಣ ಬರುವವರೆಗೆ 45ನೇ ಕಲಮಿನ ಲೆಕ್ಕದಲ್ಲಿ ಹಣ ಸಲ್ಲದ ಮಾರಾಟಗಾರನೇ. ಆದರೆ ಸಾಗಣೆಯಲ್ಲಿ ಮಾಲು ತಡೆಯಲು ಅಷ್ಟು ಸಾಲದು, ಖರೀದಿದಾರ ದಿವಾಳಿಯಾಗಿರಬೇಕು. ದಿವಾಳಿ ಎಂದರೆ ನ್ಯಾಯಾಲಯದ ಆದೇಶ ಬೇಕಿಲ್ಲ. ವ್ಯವಹಾರದ ವಾಡಿಕೆಯಲ್ಲಿ ಸಾಲ ತೀರಿಸುವುದನ್ನು ನಿಲ್ಲಿಸಿದವನು, ಇಲ್ಲವೇ ಗಡುವಿಗೆ ತೀರಿಸಲು ಆಗದವನು, ಅಷ್ಟೇ.

ಈಗ ಬ್ಯಾಂಕಿನ ಆ ಪುಟ್ಟ ಚೀಟಿಯನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ 'ಖಾತೆಯಲ್ಲಿ ಹಣ ಸಾಲದು' ಎಂದಿದೆಯೇ, 'ಪಾವತಿ ನಿಲ್ಲಿಸಲು ಖಾತೆದಾರರ ಸೂಚನೆ' ಎಂದಿದೆಯೇ? ಎರಡನೆಯದಾಗಿದ್ದರೆ ಎಚ್ಚರ. ಅವರು ಕೊಡಲಾರದವರಲ್ಲ, ಬೂಷ್ಟಿನ ಜಗಳಕ್ಕೆ ಕೊಡಲೊಲ್ಲದವರು. ಕೊಡಲೊಲ್ಲದವನ ಮಾಲನ್ನು ದಾರಿಯಲ್ಲಿ ತಡೆದರೆ ತಡೆದವನೇ ನಷ್ಟ ಕಟ್ಟಿಕೊಡಬೇಕಾದೀತು. ಮೊದಲನೆಯದಾಗಿದ್ದರೂ ಒಂದೇ ಚೆಕ್ ಮೇಲೆ ನಾನು ನಿಲ್ಲುವುದಿಲ್ಲ. ಗುಂಟೂರಿನವರಿಗೂ ಬಾಕಿ ಇದೆಯೇ, ಕೂಲಿ ನಿಂತಿದೆಯೇ, ಬ್ಯಾಂಕು ದಾಸ್ತಾನಿಗೆ ಬೀಗ ಹಾಕಿದೆಯೇ ಎಂದು ಅರ್ಧ ದಿನದಲ್ಲಿ ವಿಚಾರಿಸಬಹುದು. ಪೇಟೆಗೆ ಇದೆಲ್ಲ ವಕೀಲರಿಗಿಂತ ಮೊದಲೇ ಗೊತ್ತಿರುತ್ತದೆ. ನಮ್ಮ ಕಥೆಯಲ್ಲಿ ಮೂರೂ ನಿಜವೆಂದು ತಿಳಿಯೋಣ.

ತಡೆಯುವುದು ಹೇಗೆ? ಮಾಲು ಯಾರ ವಶದಲ್ಲಿದೆಯೋ ಅವರಿಗೆ ನೋಟಿಸ್ ಕೊಡಬೇಕು. ಹಿಂದೊಮ್ಮೆ ನನ್ನ ಬಳಿ ಬಂದವರು ಬಹಳ ಗತ್ತಿನಿಂದ ರಿಜಿಸ್ಟರ್ಡ್ ನೋಟಿಸ್ ಕಳಿಸಿದ್ದರು, ಖರೀದಿದಾರನಿಗೆ! ಅದನ್ನು ಓದಿದ ಖರೀದಿದಾರ ಆ ಸಂಜೆಯೇ ಟೆಂಪೋ ಕಳಿಸಿ ಮಾಲು ಎತ್ತಿಕೊಂಡ. ನೋಟಿಸ್ ಹೋಗಬೇಕಾದದ್ದು ಗೋದಾಮಿನವರಿಗೆ. ಸಾಗಣೆ ಸಂಸ್ಥೆಯ ಮುಖ್ಯ ಕಚೇರಿಗೆ ಕೊಟ್ಟರೂ ಆಗುತ್ತದೆ, ಆದರೆ ಅವರು ಗೋದಾಮಿನ ಗುಮಾಸ್ತನಿಗೆ ತಿಳಿಸಿ ತಡೆಯುವಷ್ಟು ಸಮಯ ಉಳಿದಿರಬೇಕು. ನಾನಾಗಿದ್ದರೆ ಬ್ಯಾಡಗಿಯ ಬುಕಿಂಗ್ ಕಚೇರಿಗೆ ಸ್ವತಃ ಹೋಗಿ, ಬಿಲ್ಟಿ ನಂಬರು, ಚೀಲದ ಸಂಖ್ಯೆ, 'ಈ ಮಾಲನ್ನು ಖರೀದಿದಾರರಿಗೆ ಕೊಡಬೇಡಿ, ನಮಗೆ ಮರಳಿಸಿ' ಎಂಬ ಒಂದು ಸಾಲು ಬರೆದು, ಮುದ್ರೆ ಹಾಕಿಸಿಕೊಂಡು, ಅಲ್ಲಿಂದಲೇ ಗೋದಾಮಿಗೆ ಫೋನು ಮಾಡಿಸಿ, ಅದೇ ಕಾಗದದ ಫೋಟೋ ಕಳಿಸುತ್ತೇನೆ. ವಾಪಸಾತಿಯ ಬಾಡಿಗೆ ಮಾರಾಟಗಾರನೇ ಕೊಡಬೇಕು.

ಸಾಗಣೆ ಎಲ್ಲಿಗೆ ಮುಗಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೋದಾಮಿನವರು ಕಾರ್ಖಾನೆಗೆ ಫೋನು ಮಾಡಿ 'ನಿಮ್ಮ ಮಾಲು ಬಂದಿದೆ' ಎಂದರೆ ಮುಗಿಯುವುದಿಲ್ಲ. 'ಇನ್ನು ನಿಮ್ಮ ಪರವಾಗಿ ಇಟ್ಟುಕೊಂಡಿರುತ್ತೇವೆ' ಎಂದು ಒಪ್ಪಿಕೊಂಡರೆ ಮುಗಿಯಿತು. ಲಾರಿ ಖರೀದಿದಾರನದೇ ಆಗಿದ್ದರಂತೂ ಸಾಗಣೆ ಆರಂಭವಾಗುವುದೇ ಇಲ್ಲ. ನಿಮ್ಮ ಹಮಾಲರು ಚೀಲ ಏರಿಸಿದ ಕ್ಷಣ ಮಾಲು ಅವನ ಕೈ ಸೇರಿದಂತೆ. ಬಾಡಿಗೆ ಉಳಿಯುತ್ತದೆಂದು 'ನಿಮ್ಮ ಲಾರಿಯನ್ನೇ ಕಳಿಸಿ' ಎನ್ನುವವರು ಇದನ್ನು ನೆನಪಿಡಬೇಕು.

ಚೀಲಗಳು ಮರಳಿ ಬ್ಯಾಡಗಿಯ ಶೀತಲಗೃಹಕ್ಕೆ ಬಂದವು. ಈಗಲೂ ಸೌದೆ ರದ್ದಾಗಿಲ್ಲ. ಮಾಲು ತಡೆದದ್ದರಿಂದಲೇ ಸೌದೆ ಮುರಿಯುವುದಿಲ್ಲ ಎನ್ನುತ್ತದೆ 54ನೇ ಕಲಂ. ಮರುಮಾರಾಟಕ್ಕೆ ಒಂದು ಮೆಟ್ಟಿಲು ಬಾಕಿ ಇದೆ, ಬಹುತೇಕರು ಎಡವುವುದು ಅಲ್ಲೇ: 'ಇಷ್ಟು ದಿನದೊಳಗೆ ಹಣ ಕೊಡಿ, ಇಲ್ಲದಿದ್ದರೆ ಮಾರುತ್ತೇನೆ' ಎಂಬ ನೋಟಿಸು. ಉದ್ದರಿಯ ಗಡುವು ಏಪ್ರಿಲ್ 8ಕ್ಕೆ ಮುಗಿಯಲಿ, 9ರಂದು ಹತ್ತು ದಿನದ ನೋಟಿಸ್ ಹೋಗಲಿ, ಹಣ ಬರಲಿಲ್ಲವೆಂದು 22ರಂದು ಕ್ವಿಂಟಲಿಗೆ 36,000ದಂತೆ ಮಾರಲಿ. 14 ಲಕ್ಷದ 40 ಸಾವಿರ ಬಂತು, ಕೊರತೆ 1 ಲಕ್ಷದ 60 ಸಾವಿರ. ಈ ಕೊರತೆಯನ್ನು ಕಾರ್ಖಾನೆಯವರಿಂದ ಕೇಳಬಹುದು.

ನೋಟಿಸ್ ಕೊಡದೆ ಮಾರಿದ್ದರೆ? ಹೊಸ ಖರೀದಿದಾರನ ಒಡೆತನಕ್ಕೆ ಧಕ್ಕೆಯಿಲ್ಲ, ಆದರೆ ಆ ಕೊರತೆ ಪೂರ್ತಿ ಸಾಹುಕಾರರ ತಲೆಯ ಮೇಲೆ. ದರ ಏರಿ ಲಾಭ ಬಂದಿದ್ದರೆ ಅದನ್ನು ಕೈಕೊಟ್ಟ ಕಾರ್ಖಾನೆಯವರಿಗೇ ಕೊಡಬೇಕು! ನೋಟಿಸ್ ಕೊಟ್ಟಿದ್ದರೆ ಆ ಲಾಭ ಸಾಹುಕಾರರದೇ. ಒಂದು ಹಾಳೆಯ ವ್ಯತ್ಯಾಸ. 'ಮೆಣಸಿನಕಾಯಿ ಕೆಡುವ ಮಾಲು, ಅದಕ್ಕೆ ನೋಟಿಸ್ ಬೇಡ' ಎಂಬ ಮಾತನ್ನೂ ಕೇಳಿದ್ದೇನೆ. ಟೊಮೆಟೊಗೆ ಆ ಮಾತು ಸಲ್ಲುತ್ತದೆ. ತಿಂಗಳುಗಟ್ಟಲೆ ಶೀತಲಗೃಹದಲ್ಲಿ ಬಣ್ಣ ಉಳಿಸಿಕೊಳ್ಳುವ ಒಣ ಕಾಯಿಗೆ ಅದನ್ನು ಹೇಳಿ ನ್ಯಾಯಾಧೀಶರನ್ನು ಒಪ್ಪಿಸುವುದು ಕಷ್ಟ.

ಮೂರನೇ ಲೋಡು. ಸಾಹುಕಾರರು ಇದಕ್ಕೂ ನೋಟಿಸ್ ಕೊಟ್ಟು, ದರ ಏರೀತೆಂದು ಕಾದು, ಜೂನ್‌ನಲ್ಲಿ 32,000ಕ್ಕೆ ಮಾರಿದರು. ಕ್ವಿಂಟಲಿಗೆ 8,000ದಂತೆ 3 ಲಕ್ಷದ 20 ಸಾವಿರ ಕೊರತೆ ಕೇಳುತ್ತಾರೆ. ಎರಡನೇ ಲೋಡಿಗೆ ನಡೆದ ಲೆಕ್ಕ ಇಲ್ಲಿ ಯಾಕೆ ನಡೆಯುವುದಿಲ್ಲ?

ಅಂಬಾಳವಾಣ ಚೆಟ್ಟಿಯಾರ್ ವಿರುದ್ಧ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ, ವರದಿಯಾದದ್ದು 1968ರಲ್ಲಿ. ಅಲ್ಲಿ ಮಾಲು ಪತ್ರಿಕೆ ಮುದ್ರಿಸುವ ಕಾಗದ. ದೊಡ್ಡ ದಾಸ್ತಾನಿನ ಒಂದು ಭಾಗವನ್ನು ಮಾರುವ ಒಪ್ಪಂದ, ಆ ಭಾಗವನ್ನು ಬೇರ್ಪಡಿಸಿರಲಿಲ್ಲ. ಕೊಳ್ಳುವವರು ಹಿಂದೆ ಸರಿದರು, ಮಾರುವವರು ಬೇರೆಯವರಿಗೆ ಮಾರಿ ಕೊರತೆ ಕೇಳಿದರು. ನ್ಯಾಯಾಲಯ ಹೇಳಿದ್ದು: 54ನೇ ಕಲಮಿನ ಮರುಮಾರಾಟದ ಹಕ್ಕು ಒಡೆತನ ದಾಟಿದ ಮಾಲಿಗೆ ಮಾತ್ರ. ಒಡೆತನ ದಾಟದಿದ್ದರೆ ನೀವು ಮಾರಿದ್ದು ನಿಮ್ಮದೇ ಮಾಲು, ಅದಕ್ಕೆ ಮರುಮಾರಾಟವೆಂಬ ಹೆಸರು ಸಲ್ಲುವುದಿಲ್ಲ. ನಿಮಗೆ ಸಿಗುವುದು ಒಪ್ಪಂದ ಮುರಿದ ದಿನದ ಪೇಟೆ ದರಕ್ಕೂ ಒಪ್ಪಂದದ ದರಕ್ಕೂ ಇರುವ ಅಂತರ.

ನಮ್ಮ ಸಾಹುಕಾರರಿಗೆ ಆ ದಿನ ಏಪ್ರಿಲ್ 5. ಅಂದು ಇದೇ ಗುಣದ ಡಬ್ಬಿಗೆ ಪೇಟೆಯಲ್ಲಿ 37,000 ಇತ್ತೆಂದರೆ ಅಂತರ 3,000, ನಲವತ್ತು ಕ್ವಿಂಟಲಿಗೆ 1 ಲಕ್ಷದ 20 ಸಾವಿರ. ಉಳಿದ 2 ಲಕ್ಷ ಅವರು ಕಾದದ್ದಕ್ಕೆ ತೆತ್ತ ಬೆಲೆ, ಅದನ್ನು ಬೇರೆಯವರ ಮೇಲೆ ಹೊರಿಸುವಂತಿಲ್ಲ. ಆ ದಿನದ ದರವನ್ನು ಸಾಬೀತುಮಾಡುವ ಹೊಣೆಯೂ ಅವರದೇ. ಒಪ್ಪಂದ ಮುರಿದ ವಾರದಲ್ಲೇ ಎಪಿಎಂಸಿಯ ದಿನದರದ ಪಟ್ಟಿಯ ದೃಢೀಕೃತ ಪ್ರತಿಯನ್ನು ತೆಗೆದಿಟ್ಟುಕೊಂಡವರು ಮುಂದೆ ಪರದಾಡುವುದಿಲ್ಲ. ಪಟ್ಟಿಯಲ್ಲಿ ಕಡ್ಡಿ ಮತ್ತು ಡಬ್ಬಿಯ ದರ ಬೇರೆ ಬೇರೆ ಇದೆಯೇ ನೋಡಿ. ಸರಾಸರಿ ದರ ಹಿಡಿದು ಬಂದರೆ ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ.

ಲೆಕ್ಕ ಕೂಡಿದರೆ ಹದಿಮೂರೂವರೆ ಲಕ್ಷ, 1.6 ಲಕ್ಷ, 1.2 ಲಕ್ಷ, ಒಟ್ಟು 16 ಲಕ್ಷದ 30 ಸಾವಿರ, ಮೇಲೆ ಬಡ್ಡಿ. ನನ್ನ ಎದುರು ಕುಳಿತಾಗ ಹೇಳಿದ 48 ಲಕ್ಷ ಎಲ್ಲಿ, ಇದೆಲ್ಲಿ ಎನ್ನಬೇಡಿ, 200 ಚೀಲದ ಮಾರಾಟದ ಹಣ ಅವರ ಗಲ್ಲಾದಲ್ಲಿದೆ. ಮೊತ್ತ 3 ಲಕ್ಷಕ್ಕಿಂತ ಹೆಚ್ಚಾದ್ದರಿಂದ ಇದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಚಿತಪಡಿಸಿದೆ. ಚೆಕ್ಕಿಗೆ ಬೇರೆ ದಾರಿ ಇದೆ, ಬ್ಯಾಂಕಿನ ಚೀಟಿ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು. ದಿವಾಳಿ ಸಂಹಿತೆಯ ಮಾತೆತ್ತಿ ಕಂಪನಿಯನ್ನು ಹೆದರಿಸುವ ಯೋಚನೆ ಇದ್ದರೆ, ಅಲ್ಲಿನ ಮಿತಿ 2020ರಿಂದ ಒಂದು ಕೋಟಿ ರೂಪಾಯಿ.

ಕೊನೆಗೆ ಮುಂದಿನ ಸಾಲಿನಿಂದ ಹಿರಿಯ ವರ್ತಕರೊಬ್ಬರು ಎದ್ದು ಕೇಳಿದರು: "ಬಿಲ್ಲಿನ ಕೆಳಗೆ 'ಪೂರ್ತಿ ಹಣ ಬರುವವರೆಗೆ ಮಾಲಿನ ಒಡೆತನ ನಮ್ಮದೇ' ಎಂದು ಅಚ್ಚು ಹಾಕಿಸಿದರೆ ಈ ರಗಳೆಯೇ ಇರುವುದಿಲ್ಲವಲ್ಲ, ಸರ್?"

ಸೌದೆ ಮುಗಿದ ಮೇಲೆ ಬರುವ ಬಿಲ್ಲಿನಲ್ಲಿ ಬರೆದರೆ ತಡವಾಯಿತು, ಸೌದೆಯಲ್ಲೇ ಅದು ಇರಬೇಕು. ಇದ್ದರೆ 25ನೇ ಕಲಂ ಅದನ್ನು ಮಾನ್ಯ ಮಾಡುತ್ತದೆ. ಆದರೆ ಕಾಯಿ ಪುಡಿಯಾಗಿ ಅರಿಶಿನ, ಧನಿಯಾದೊಂದಿಗೆ ಬೆರೆತ ಮೇಲೆ ಯಾವುದನ್ನು ನಮ್ಮದೆಂದು ಹಿಡಿಯುತ್ತೀರಿ? ಕಾರ್ಖಾನೆಯವರು ಚೀಲಗಳನ್ನು ಹಾಗೇ ಮೂರನೆಯವನಿಗೆ ಮಾರಿ, ಅವನು ನಿಮ್ಮ ಷರತ್ತಿನ ಅರಿವಿಲ್ಲದೆ ಪ್ರಾಮಾಣಿಕವಾಗಿ ಕೊಂಡಿದ್ದರೆ 30ನೇ ಕಲಂ ಅವನನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ಇನ್ನೂ ಒಂದಿದೆ. ಬೇರೆ ಮಾತಾಗದಿದ್ದರೆ ನಷ್ಟದ ಹೊಣೆ ಒಡೆತನದ ಜೊತೆಗೇ ಇರುತ್ತದೆ, ಆದ್ದರಿಂದ ಅವರ ಗೋದಾಮಿನಲ್ಲಿ ಬೆಂಕಿ ಬಿದ್ದರೆ ಸುಟ್ಟದ್ದು ನಿಮ್ಮ ಮಾಲು. ಬೆಲೆಗಾಗಿ ನೇರ ದಾವೆ ಹಾಕಲು ಹೋದರೆ ಎದುರಿನವರು ನಿಮ್ಮ ಅಚ್ಚಿನ ಸಾಲನ್ನೇ ಓದಿ, 'ಒಡೆತನ ಇನ್ನೂ ಅವರದೇ, ಬೆಲೆ ಯಾವುದಕ್ಕೆ?' ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದರೆ, ಮಾಲು ಒಪ್ಪಿಸಿದರೂ ಬಿಟ್ಟರೂ ಇಂಥ ತಾರೀಖಿಗೆ ಹಣ ಕೊಡತಕ್ಕದ್ದು ಎಂಬ ಇನ್ನೊಂದು ಸಾಲೂ ಸೌದೆಯಲ್ಲಿರಬೇಕು. ಅಚ್ಚು ಹಾಕಿಸುವುದಾದರೆ ಎರಡು ಸಾಲನ್ನೂ ಹಾಕಿಸಿ, ಸೌದೆಪತ್ರದ ಮೇಲೆ, ಅವರ ರುಜುವಿನ ಮೇಲ್ಭಾಗದಲ್ಲಿ.